ಗರಗಸ ಹಾಯ್ದ ದಾರಿ, ಬೆತ್ತ ಬಾಗಿದ ದಾರಿ

ಹೊರನಾಡಿನಿಂದ ಕಳಸದ ಕಡೆಗೆ ಬರುವ ರಸ್ತೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಒಂದು ಹಳೆಯ ಮನೆ ಇದೆ. ಅದರ ಜಗಲಿಗೆ ಹೊಂದಿದ ಕೋಣೆಯನ್ನು ಹೋಮ್‌ಸ್ಟೇ ಮಾಡಬೇಕು ಎಂದು ಮನೆಯವರು ಹೊರಟಿದ್ದರು. ಆಚಾರಿಗಳು ಕೆಲಸ ಹಿಡಿಯುವ ಮೊದಲು, ಮುಗಿದ ಮೇಲೆ ಕೋಣೆ ಹೇಗೆ ಕಾಣುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ರೆಂಡರ್ ಮಾಡಿ ತೋರಿಸುವುದು ನನ್ನ ಪಾಲಿಗೆ ಬಂದ ಕೆಲಸ. ಕೋಣೆಯಲ್ಲಿ ಮುಖ್ಯವಾಗಿ ಇದ್ದದ್ದು ಮೂರು: ಸಾಗುವಾನಿಯ ಬಾಗಿಲು, ಸಿಲ್ವರ್ ಓಕ್ ಹಲಗೆಯ ಮುಚ್ಚಿಗೆ, ಅಜ್ಜನ ಕಾಲದ ಬೆತ್ತದ ಆರಾಮ ಕುರ್ಚಿ.

ಮೊದಲ ಚಿತ್ರವನ್ನು ಮನೆಯವರ ಜೊತೆ ಆಚಾರ್ರೂ ನೋಡಿದರು. ಬಣ್ಣ ಸರಿಯಾಗಿತ್ತು, ಬೆಳಕೂ ಸರಿಯಾಗಿತ್ತು. ಆಚಾರ್ರು ಬಾಗಿಲಿನ ಮೇಲೆ ಬೆರಳಿಟ್ಟು ಕೇಳಿದರು: “ಇದು ದಿಮ್ಮಿಯ ಯಾವ ಭಾಗದ ಹಲಗೆ ಮಾರಾಯ್ರೆ? ಮುಖದಲ್ಲಿ ನೋಡಿದ್ರೆ ಹೊರಗಿನ ಹಲಗೆ ಅನ್ಸುತ್ತೆ, ಪಕ್ಕದಲ್ಲಿ ನೋಡಿದ್ರೂ ಅದೇ. ಹಾಗೆ ಮರ ಇರಲ್ಲ.”

ಆ ಒಂದು ಪ್ರಶ್ನೆಯಲ್ಲಿ ಈ ಅಧ್ಯಾಯದ ವಿಷಯವೆಲ್ಲ ಇದೆ. ನಾನು ಹಲಗೆಯ ಒಂದು ಫೋಟೊವನ್ನು ಬಾಗಿಲಿನ ಆರೂ ಮುಖಗಳಿಗೆ ಅಂಟಿಸಿದ್ದೆ. ಮರದ ಎಳೆ ಹಲಗೆಯ ಮೇಲೆ ಬರೆದ ಚಿತ್ತಾರವಲ್ಲ. ದಿಮ್ಮಿಯ ಒಳಗೆ ಮೊದಲೇ ಇದ್ದ ರಚನೆಯನ್ನು ಗರಗಸ ಒಂದು ಕಡೆಯಿಂದ ಹಾಯ್ದು ತೆರೆದು ತೋರಿಸಿದ ನೋಟ ಅದು. ಬೆತ್ತದ ಕಥೆ ಬೇರೆ. ಅದನ್ನು ಹಲಗೆಯಂತೆ ಕೊಯ್ಯುವುದಿಲ್ಲ, ಕಾಯಿಸಿ ಬಗ್ಗಿಸುತ್ತಾರೆ, ಸೀಳಿ ನೇಯುತ್ತಾರೆ. ಹಾಗಾಗಿ ಕಂಪ್ಯೂಟರಿನೊಳಗೆ ಈ ಎರಡಕ್ಕೂ ಅಳತೆ ಹಿಡಿಯುವ ಕ್ರಮವೇ ಬೇರೆ ಬೇರೆ. ಕೊಯ್ದದ್ದಕ್ಕೆ ದಿಮ್ಮಿಯಿಂದ ಅಳೆಯಬೇಕು, ಬಗ್ಗಿಸಿದ್ದಕ್ಕೆ ಬಾಗಿದ ದಾರಿಯುದ್ದಕ್ಕೂ ಅಳೆಯಬೇಕು.

ಬಾಗಿಲಿನಿಂದ ಶುರು ಮಾಡೋಣ. ಸಾಗುವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ, ಮಳೆಯ ಹೊತ್ತಿಗೆ ಮತ್ತೆ ಚಿಗುರುವ ಮರ. ಚಿಗುರುವಾಗ ನೀರು ಬೇಕು, ಆದ್ದರಿಂದ ಆಗ ಹುಟ್ಟುವ ಮರದಲ್ಲಿ ನೀರು ಸಾಗಿಸುವ ರಂಧ್ರಗಳು ದೊಡ್ಡವು, ಒತ್ತಾಗಿರುತ್ತವೆ. ಮುಂದೆ ಹುಟ್ಟುವ ಮರ ಬಿಗಿಯಾಗುತ್ತಾ, ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಮುಂದಿನ ವರ್ಷದ ಚಿಗುರಿನ ಕಾಲ ಬಂದೊಡನೆ ಮತ್ತೆ ದೊಡ್ಡ ರಂಧ್ರಗಳ ಸಾಲು. ಆದ್ದರಿಂದ ಒಂದು ಉಂಗುರದೊಳಗೆ ಬಣ್ಣ ನಿಧಾನ ಏರುತ್ತದೆ, ಗಡಿಯಲ್ಲಿ ಥಟ್ಟನೆ ಇಳಿಯುತ್ತದೆ. ಏರಿದಷ್ಟೇ ಮೆತ್ತಗೆ ಇಳಿಯುವ ಅಲೆಯ ಆಕಾರ ಕೊಟ್ಟರೆ ಬಾಗಿಲು ಮರದಂತೆ ಕಾಣುವುದಿಲ್ಲ, ಪಟ್ಟೆ ಬಟ್ಟೆಯಂತೆ ಕಾಣುತ್ತದೆ. ಬ್ಲೆಂಡರಿನ `Wave Texture`ನಲ್ಲಿ ಮೊದಲಿಗೆ ಇರುವುದು `Sine`. ಅದನ್ನು `Saw`ಗೆ ಬದಲಿಸುವುದು ಸಾಗುವಾನಿಗೆ ಮಾಡಬೇಕಾದ ಮೊದಲ ಕೆಲಸ. ಏರಿಕೆ ತಿರುಳಿನ ಕಡೆಯಿಂದ ತೊಗಟೆಯ ಕಡೆಗೆ ಇದೆಯೇ ಎಂದು ಕೂಡಲೇ ನೋಡಿಕೊಳ್ಳಬೇಕು. ತಿರುಗುಮುರುಗಾದರೆ ಆಚಾರಿಯ ಕಣ್ಣಿಗೆ ಒಂದೇ ನೋಟಕ್ಕೆ ಸಿಗುತ್ತದೆ.

ಈಗ ಗರಗಸ. ಉಂಗುರಗಳನ್ನು ಒಂದರೊಳಗೊಂದು ಕೂತ ಕೊಳವೆಗಳೆಂದು ಇಟ್ಟುಕೊಳ್ಳಿ. ತಿರುಳಿನಿಂದ 60 ಮಿಲಿಮೀಟರ್ ದೂರದಲ್ಲಿ ದಿಮ್ಮಿಯ ಉದ್ದಕ್ಕೆ ನೇರವಾಗಿ ಗರಗಸ ಹಾಯುತ್ತದೆ. ಉಂಗುರಗಳ ನಡುವೆ 4 ಮಿಲಿಮೀಟರ್ ಅಂತರ. ಹೀಗೆ ಬಂದ ಹಲಗೆಯ ಮುಖದ ಮೇಲೆ ಪ್ರತಿ ಉಂಗುರದ ಗೆರೆ ನಡುಗೆರೆಯಿಂದ ಎಷ್ಟು ದೂರದಲ್ಲಿ ಕಾಣುತ್ತದೆ? ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕವೇ ಸಾಕು:

```python
from math import sqrt
d = 60
for r in range(60, 84, 4):
    print(r, round(sqrt(r*r - d*d), 1))
```

ಬರುವ ಉತ್ತರ 0, 22.3, 32.0, 39.8, 46.6, 52.9. ಅಂದರೆ ನಡುವಿನಿಂದ ಮೊದಲ ಗೆರೆಗೆ 22 ಮಿಲಿಮೀಟರ್, ಅಲ್ಲಿಂದ ಮುಂದಿನದಕ್ಕೆ 10ಕ್ಕೂ ಕಡಿಮೆ, ಆಮೇಲೆ 8, 7, 6. ದಿಮ್ಮಿಯಲ್ಲಿ ಅಂತರ ಎಲ್ಲ ಕಡೆ ಒಂದೇ ಆಗಿದ್ದರೂ ಹಲಗೆಯ ಮುಖದಲ್ಲಿ ನಡುವೆ ವಿಶಾಲ, ಅಂಚಿನ ಕಡೆ ಒತ್ತು. ಅಸಲಿ ಹಲಗೆಯನ್ನು ನಮ್ಮ ಕಣ್ಣು ಗುರುತಿಸುವುದು ಬಹುಮಟ್ಟಿಗೆ ಈ ಒತ್ತುವಿಕೆಯಿಂದ. ಯಾರಾದರೂ ಕೈಯಲ್ಲಿ ಗೆರೆ ಎಳೆದು ಟೆಕ್ಸ್ಚರ್ ಮಾಡಿದಾಗ ಅಂತರವನ್ನು ಸಮವಾಗಿ ಇಡುತ್ತಾರೆ, ಇಲ್ಲವೇ ಮನಸ್ಸಿಗೆ ಬಂದಂತೆ ಇಡುತ್ತಾರೆ. ಎರಡೂ ತಪ್ಪು, ಆದರೆ ಯಾಕೆ ತಪ್ಪು ಎಂದು ನೋಡುವವರಿಗೆ ಹೇಳಲು ಬರುವುದಿಲ್ಲ.

ಮರ ನಿಜವಾಗಿ ಕೊಳವೆಯಲ್ಲ, ಮೇಲೆ ಹೋದಂತೆ ಸಣ್ಣಗಾಗುತ್ತದೆ. ಒಂದು ಮೀಟರ್ ಎತ್ತರಕ್ಕೆ ತ್ರಿಜ್ಯ 10 ಮಿಲಿಮೀಟರ್ ಕಡಿಮೆಯಾಗುತ್ತದೆ ಎಂದುಕೊಳ್ಳಿ. ಆಗ ಪ್ರತಿ ಉಂಗುರವೂ ಒಂದು ಉದ್ದನೆಯ ಶಂಕು, ಗರಗಸ ಅದನ್ನು ಉದ್ದಕ್ಕೆ ಕೊಯ್ದಾಗ ಗೆರೆಗಳು ಮೇಲೆ ಹೋಗಿ ಕೂಡಿಕೊಂಡು ಗೋಪುರದ ಆಕಾರ ಬರುತ್ತದೆ. ಬಾಗಿಲಿನ ಹಲಗೆಯ ನಡುವೆ ಒಂದರ ಮೇಲೊಂದು ಏರುವ ಆ ಗೋಪುರಗಳನ್ನು ಎಲ್ಲರೂ ನೋಡಿದ್ದೇವೆ. ಎರಡು ಗೋಪುರದ ತುದಿಗಳ ನಡುವೆ ಎಷ್ಟು ಅಂತರ ಇರಬೇಕೆಂಬುದು ಚಿತ್ರಗಾರನ ಇಷ್ಟಕ್ಕೆ ಬಿಟ್ಟದ್ದಲ್ಲ. ಉಂಗುರದ 4 ಮಿಲಿಮೀಟರ್ ಅಂತರವನ್ನು ಮೀಟರಿಗೆ 10 ಮಿಲಿಮೀಟರಿನ ಇಳಿಕೆಯಿಂದ ಭಾಗಿಸಿದರೆ 400 ಮಿಲಿಮೀಟರ್. ಏಳಡಿ ಬಾಗಿಲಿನಲ್ಲಿ ಮೇಲಿಂದ ಕೆಳಗೆ ಐದೋ ಆರೋ ತುದಿ, ಅಷ್ಟೆ. ನನ್ನ ಮೊದಲ ಚಿತ್ರದಲ್ಲಿ ಹದಿನೆಂಟು ಇದ್ದವು, ಏಕೆಂದರೆ ಸಣ್ಣ ತುಂಡಿನ ಫೋಟೊವನ್ನು ಮೂರು ಸಲ ಪುನರಾವರ್ತಿಸಿದ್ದೆ. ಬಾಗಿಲು ಆಟಿಕೆಯ ಮನೆಯದರಂತೆ ಚಿಕ್ಕದಾಗಿ ಕಂಡದ್ದು ಅದರಿಂದ. ಕೋಣೆಯ ಅಳತೆ ಸರಿಯಿದ್ದರೂ ಎಳೆಯ ಅಳತೆ ತಪ್ಪಿದರೆ ಕಣ್ಣು ಎಳೆಯನ್ನೇ ನಂಬುತ್ತದೆ.

ಇನ್ನೊಂದು ಮಾತು. ಗೋಪುರದ ತುದಿ ಯಾವಾಗಲೂ ಮರದ ತಲೆಯ ಕಡೆಗೇ ಇರುತ್ತದೆ. ಹಲಗೆಯ ಯಾವ ಮುಖ ನೋಡಿದರೂ ಹಾಗೆಯೇ. ಒಂದೇ ಬಾಗಿಲಿನ ಪಕ್ಕಪಕ್ಕದ ಹಲಗೆಗಳಲ್ಲಿ ಒಂದು ಮೇಲಕ್ಕೆ ಒಂದು ಕೆಳಕ್ಕೆ ನೋಡುತ್ತಿದ್ದರೆ, ಮರ ಮೊದಲಿದ್ದ ಹಾಗೇ ನಿಲ್ಲಬೇಕು ಎನ್ನುವ ಆಚಾರಿ ಅದನ್ನು ಒಪ್ಪುವುದಿಲ್ಲ.

ಹೀಗೆ ಘನದೊಳಗೆ ಎಳೆಯನ್ನು ಕಟ್ಟಿ, ಆಮೇಲೆ ಮೇಲ್ಮೈಯಿಂದ ಅದನ್ನು ಕೊಯ್ಯುವ ಉಪಾಯವನ್ನು ಕಂಪ್ಯೂಟರ್ ಚಿತ್ರಲೋಕಕ್ಕೆ ತಂದವರು ಕೆನ್ ಪರ್ಲಿನ್ ಮತ್ತು ಡಾರ್ವಿನ್ ಪೀಚಿ. 1985ರಲ್ಲಿ, ಒಂದೇ ಸಮ್ಮೇಳನದಲ್ಲಿ, ಇಬ್ಬರೂ ಬೇರೆ ಬೇರೆಯಾಗಿ ಇದನ್ನು ಮಂಡಿಸಿದರು. ಇವತ್ತು ಬ್ಲೆಂಡರಿನಲ್ಲಿ ಇದಕ್ಕೆ ಬೇಕಾದದ್ದು ಕೆಲವೇ ನೋಡ್‌ಗಳು. `Texture Coordinate`ನ `Object` ಎಂಬ ಅಳತೆಯನ್ನು ತೆಗೆದುಕೊಂಡು `Separate XYZ`ನಲ್ಲಿ ಬಿಡಿಸಬೇಕು. ಅಡ್ಡ ಅಳತೆಗಳೆರಡರಿಂದ ತಿರುಳಿನವರೆಗಿನ ದೂರ ಸಿಗುತ್ತದೆ. ಉದ್ದದ ಅಳತೆಗೆ ಇಳಿಕೆಯನ್ನು ಗುಣಿಸಿ ಅದಕ್ಕೆ ಕೂಡಿಸಬೇಕು:

```
R = sqrt(x² + y²) + 0.01 × z
```

ಈ `R` ಅನ್ನು `Wave Texture`ನ `Bands` ಬಗೆಗೆ `X` ದಿಕ್ಕಿನಲ್ಲಿ ಕೊಟ್ಟರೆ ಉಂಗುರಗಳು ತಯಾರು. ಅಲ್ಲಿನ `Scale` ಎಂಬುದು ಮಿಲಿಮೀಟರ್ ಲೆಕ್ಕದಲ್ಲಿಲ್ಲ, ಬಹಳ ಜನ ಅದನ್ನು ಕಣ್ಣಂದಾಜಿನಲ್ಲಿ ತಿರುಗಿಸುತ್ತಾರೆ. ಲೆಕ್ಕ ಹೀಗಿದೆ: ಉಂಗುರದ ಅಂತರ `w` ಮೀಟರ್ ಆಗಿದ್ದರೆ `Scale = π / (10 × w)`. 4 ಮಿಲಿಮೀಟರಿಗೆ ಅದು 78.5 ಆಗುತ್ತದೆ. ಹಲಗೆಯ ನಡುಬಿಂದುವಿನಲ್ಲಿ ತಿರುಳು ಕೂರದಂತೆ, `x` ಅಥವಾ `y` ಅನ್ನು 0.06ರಷ್ಟು ಸರಿಸಬೇಕು. ಇದೇ ನಮ್ಮ ಗರಗಸ. ಸರಿಸುವ ಅಳತೆ ಬದಲಾದರೆ ಕೊಯ್ತ ಬದಲಾಗುತ್ತದೆ. ಹಲಗೆಯ ಅಂಚು ತಿರುಳಿನ ಕಡೆಗೆ ಮುಖ ಮಾಡುವಂತೆ ತಿರುಗಿಸಿದರೆ ಗೋಪುರ ಹೋಗಿ ನೆಟ್ಟನೆಯ ಗೆರೆಗಳು ಬರುತ್ತವೆ. ಹಲಗೆಯ ತಲೆಗೆ ಹೋಗಿ ನೋಡಿದರೆ ಉಂಗುರದ ತುಂಡುಗಳು ಮುಖದ ಗೆರೆಗಳಿಗೆ ಸರಿಯಾಗಿ ಬಂದು ಕೂಡುತ್ತವೆ. ಆಚಾರ್ರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿ ತಾನಾಗಿಯೇ ಸಿಗುತ್ತದೆ.

ಇದರಲ್ಲಿ ಒಂದು ಗುಂಡಿ ಇದೆ. ಒಂದು ಘನಚೌಕವನ್ನು ಎಳೆದು, ತೆಳುಮಾಡಿ ಹಲಗೆ ಮಾಡಿದ್ದರೆ, `Object` ಅಳತೆ ಇನ್ನೂ ಹಳೆಯ ಘನಚೌಕದ್ದೇ ಆಗಿರುತ್ತದೆ. ಉಂಗುರಗಳು ಹಲಗೆಯ ಜೊತೆಗೇ ಜಗ್ಗಿ ಮೊಟ್ಟೆಯಾಕಾರಕ್ಕೆ ಬರುತ್ತವೆ. ಮುಖ ನೋಡಿದರೆ ತಿಳಿಯದೇ ಹೋಗಬಹುದು, ಹಲಗೆಯ ತಲೆಯನ್ನು ನೋಡಿದರೆ ಗೊತ್ತಾಗುತ್ತದೆ. `Ctrl+A` ಒತ್ತಿ `Scale` ಆರಿಸಿದರೆ ಸರಿಹೋಗುತ್ತದೆ. ಮುಚ್ಚಿಗೆಯಲ್ಲಿ ನಲವತ್ತು ಹಲಗೆ ಇದ್ದರೆ ನಲವತ್ತಕ್ಕೂ ಒಂದೇ ಗೋಪುರ ಬರಬಾರದು. `Object Info`ದ `Random` ಎಂಬ ಸಂಖ್ಯೆಯಿಂದ ಪ್ರತಿ ಹಲಗೆಯ ತಿರುಳನ್ನು ಬೇರೆ ಬೇರೆ ದೂರಕ್ಕೆ ಸರಿಸಬೇಕು. ಆದರೆ ಮರವನ್ನೇ ಬದಲಾಯಿಸಬಾರದು. ಒಂದು ಕೋಣೆಯ ಮುಚ್ಚಿಗೆ ಸಾಮಾನ್ಯವಾಗಿ ಎರಡು ಮೂರು ದಿಮ್ಮಿಗಳಿಂದ ಬಂದಿರುತ್ತದೆ. ಬಣ್ಣವೂ ಉಂಗುರದ ಅಂತರವೂ ಹಲಗೆಗೊಂದರಂತೆ ಬದಲಾದರೆ, ಅದು ಊರಿನ ಸಾಮಿಲ್ಲಿನಲ್ಲಿ ಉಳಿದ ತುಂಡುಗಳನ್ನು ಆಯ್ದು ಹೊಡೆದಂತೆ ಕಾಣುತ್ತದೆ.

ಲೆಕ್ಕಕ್ಕೆ ಸಿಕ್ಕ ಉಂಗುರ ತೀರಾ ಚೊಕ್ಕವಾಗಿರುತ್ತದೆ. ಆದ್ದರಿಂದ `R`ಗೆ ಸ್ವಲ್ಪ ಏರುಪೇರು ಸೇರಿಸಬೇಕು. ಆ ಏರುಪೇರು ಉದ್ದಕ್ಕೆ ಬಹಳ ನಿಧಾನ, ಅಡ್ಡಕ್ಕೆ ಸ್ವಲ್ಪ ಬೇಗ ಬದಲಾಗಬೇಕು. ಉಂಗುರದ ಅಂತರದ ಅರ್ಧದಷ್ಟು ಅಲುಗಾಟ ಸಾಕು. ಹೆಚ್ಚಾದರೆ ಮರ ಕರಗಿದಂತೆ ಕಾಣುತ್ತದೆ, ಆ ತಪ್ಪನ್ನು ನಾನು ಎಲ್ಲಕ್ಕಿಂತ ಹೆಚ್ಚಾಗಿ ನೋಡಿದ್ದೇನೆ.

ಮುಚ್ಚಿಗೆಯ ಸಿಲ್ವರ್ ಓಕ್ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮ ಕಾಫಿ ಗುಡ್ಡಗಳಲ್ಲಿ ನೆರಳಿಗೆ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸುವ ಈ ಮರ ಬಂದದ್ದು ಆಸ್ಟ್ರೇಲಿಯದ ಪೂರ್ವ ಕರಾವಳಿಯಿಂದ. ಇದು ಓಕ್ ಅಲ್ಲ, ಓಕ್‌ನ ಕುಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದರೂ ಆ ಹೆಸರು ಬಂದದ್ದಕ್ಕೆ ಕಾರಣ ಅದರ ಕಿರಣಗಳು. ತೊಗಟೆಗೂ ತಿರುಳಿಗೂ ನಡುವೆ ಆಹಾರ ಸಾಗಿಸುವ ಅಂಗಾಂಶದ ಪಟ್ಟಿಗಳು ಬಹುತೇಕ ಎಲ್ಲ ಮರದಲ್ಲೂ ಇರುತ್ತವೆ. ಸಾಗುವಾನಿಯಲ್ಲಿ ಅವನ್ನು ಕಣ್ಣಿಟ್ಟು ಹುಡುಕಬೇಕು, ಸಿಲ್ವರ್ ಓಕ್‌ನಲ್ಲಿ ಅವೇ ಮೊದಲು ಕಾಣುತ್ತವೆ. ಪ್ರತಿ ಕಿರಣವೂ ಚಕ್ರದ ಅರದಂತೆ ನಿಂತ ಒಂದು ತೆಳು ರಿಬ್ಬನ್.

ರಿಬ್ಬನ್ ಎಂದು ಕಲ್ಪಿಸಿಕೊಂಡರೆ ಉಳಿದದ್ದು ಸುಲಭ. ಗರಗಸ ಕಿರಣಕ್ಕೆ ಅಡ್ಡ ಹಾಯ್ದರೆ ರಿಬ್ಬನ್ನಿನ ಅಂಚು ಮಾತ್ರ ಕಾಣುತ್ತದೆ. ಹಲಗೆಯ ತುಂಬ ಕದಿರಿನ ಆಕಾರದ ಸಣ್ಣ ಸಣ್ಣ ಗೀರುಗಳು, ಎಲ್ಲವೂ ಎಳೆಯ ಉದ್ದಕ್ಕೆ. ಗರಗಸ ಕಿರಣದ ಜೊತೆಗೇ ಹೋದರೆ ರಿಬ್ಬನ್ನಿನ ಅಗಲ ಬಿಚ್ಚಿಕೊಂಡು ಹೊಳೆಯುವ ಚಕ್ಕೆಗಳಾಗುತ್ತವೆ. ಒಂದೇ ಹಲಗೆಯಲ್ಲಿ ಎರಡೂ ಇರಬಹುದು: ಗೋಪುರವಿರುವ ನಡುಭಾಗದಲ್ಲಿ ಸಣ್ಣ ಗೀರು, ಅಂಚಿನ ಕಡೆ ಹೋದಂತೆ ಅಗಲವಾಗುವ ಚಕ್ಕೆ. ಈ ನಿಧಾನದ ಬದಲಾವಣೆಯನ್ನು ಫೋಟೊ ಕತ್ತರಿಸಿ ಅಂಟಿಸಿ ತರಲು ಬಹಳ ಕಷ್ಟ. ಘನದೊಳಗೆ ಕಟ್ಟಿದರೆ ತಾನಾಗಿ ಬರುತ್ತದೆ: ತಿರುಳಿನ ಸುತ್ತಲ ಕೋನ, ಉದ್ದ, ತಿರುಳಿನಿಂದ ದೂರ ಎಂಬ ಮೂರು ಅಳತೆಗಳನ್ನು `Voronoi Texture`ಗೆ ಕೊಟ್ಟು, ದೂರದ ಅಳತೆಯನ್ನು ಚೆನ್ನಾಗಿ ಜಗ್ಗಿದರೆ ಪ್ರತಿ ಕೋಶವೂ ಒಂದು ರಿಬ್ಬನ್ ಆಗುತ್ತದೆ. ದೂರ ಹೋದಂತೆ ಕಿರಣಗಳ ನಡುವಿನ ಜಾಗ ಅಗಲವಾಗುತ್ತಾ ಹೋಗುವುದು ಇದರ ಕೊರತೆ. ನಿಜವಾದ ಮರ ಆ ಜಾಗದಲ್ಲಿ ಹೊಸ ಕಿರಣ ಹುಟ್ಟಿಸುತ್ತದೆ. ಆರೇಳು ಇಂಚಿನ ಹಲಗೆಯಲ್ಲಿ ಇದು ಕಾಣುವುದಿಲ್ಲ.

ಇದೇ ಮರದ ಪ್ಲೈವುಡ್ ಹಾಕಿಸುವುದಾದರೆ ಮೇಲೆ ಹೇಳಿದ್ದೆಲ್ಲ ಬದಲಾಗುತ್ತದೆ. ಪ್ಲೈವುಡ್ಡಿನ ಹಾಳೆಯನ್ನು ದಿಮ್ಮಿ ತಿರುಗಿಸುತ್ತಾ ಚಾಪೆ ಬಿಚ್ಚಿದಂತೆ ಸುಲಿದು ತೆಗೆಯುತ್ತಾರೆ. ಅಲ್ಲಿ ಗೋಪುರದ ಸಾಲು ಇರುವುದಿಲ್ಲ, ಅಗಲಗಲ ಹರಡಿದ ಅಲೆಗಳಿರುತ್ತವೆ. ನೆಟ್ಟನೆ ಹಲಗೆಯ ಎಳೆಯನ್ನು ನಾಲ್ಕಡಿ ಅಗಲದ ಒಂದೇ ಹಾಳೆಗೆ ಕೊಟ್ಟರೆ, ಅಷ್ಟು ದಪ್ಪದ ದಿಮ್ಮಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಎಳೆ ಸರಿಯಾದ ಮೇಲೂ ಮರ ಸತ್ತಂತೆ ಕಂಡರೆ ತೊಂದರೆ ಬೆಳಕಿನಲ್ಲಿದೆ. ಪಾಲಿಶ್ ಮಾಡಿದ ಬೀಟೆಯ ಮೇಜಿನ ಸುತ್ತ ನಡೆದು ನೋಡಿ. ಒಂದು ಕಡೆಯಿಂದ ಬೆಳ್ಳಗೆ ಕಂಡ ಪಟ್ಟೆ ಇನ್ನೊಂದು ಕಡೆಗೆ ಹೋದಾಗ ಕಪ್ಪಾಗುತ್ತದೆ, ಕಪ್ಪಾಗಿದ್ದದ್ದು ಬೆಳಗುತ್ತದೆ. ಅದು ಬಣ್ಣವಲ್ಲ. ನಾರುಗಳು ಒಂದು ಪಟ್ಟೆಯಲ್ಲಿ ಮೇಲ್ಮೈಯಿಂದ ಸ್ವಲ್ಪ ಒಳಕ್ಕೆ ಬಾಗಿರುತ್ತವೆ, ಪಕ್ಕದ ಪಟ್ಟೆಯಲ್ಲಿ ಹೊರಕ್ಕೆ. ಪ್ರತಿ ನಾರೂ ನೂಲಿನಂತೆ, ತನ್ನ ಉದ್ದಕ್ಕೆ ಅಡ್ಡಲಾಗಿ ಬೆಳಕನ್ನು ಚೆಲ್ಲುತ್ತದೆ. ನಾರು ಬಾಗಿದ ಕಡೆ ಬೆಳಕು ಬೇರೆ ದಿಕ್ಕಿಗೆ ಹೋಗುತ್ತದೆ. ಮೇಲಿನ ಪಾಲಿಶ್ ಪದರದ ಹೊಳಪು ಇದಕ್ಕೆ ಸಂಬಂಧವಿಲ್ಲದೆ ಕನ್ನಡಿಯಂತೆ ತನ್ನ ಪಾಡಿಗೆ ತಾನಿರುತ್ತದೆ. ಸ್ಟೀವ್ ಮಾರ್ಷ್ನರ್ ಮತ್ತು ಸಂಗಡಿಗರು 2005ರಲ್ಲಿ ಪಾಲಿಶ್ ಮಾಡಿದ ಮರದ ತುಂಡುಗಳನ್ನು ಅಳೆದು ಈ ಎರಡು ಹೊಳಪುಗಳನ್ನು ಬೇರ್ಪಡಿಸಿ ತೋರಿಸಿದರು.

ಫೋಟೊದಲ್ಲಿ ಒಳಗಿನ ಹೊಳಪು ಬಣ್ಣವಾಗಿ ಅಚ್ಚಾಗಿಬಿಟ್ಟಿರುತ್ತದೆ. ಆ ಫೋಟೊ ಹಾಕಿದ ಮೇಜು ಎಲ್ಲಿಂದ ನೋಡಿದರೂ ಒಂದೇ ಥರ. ಇದನ್ನು ಸರಿಪಡಿಸಲು `Cycles`ನಲ್ಲಿ `Principled BSDF`ನ ಎರಡು ಪದರ ಬಳಸುತ್ತೇನೆ. ಕೆಳಗಿನದಕ್ಕೆ ಒರಟುತನ ಹೆಚ್ಚಿಟ್ಟು, `Anisotropic` ಏರಿಸಿ, `Tangent` ಅನ್ನು ನಾರಿನ ದಿಕ್ಕಿಗೆ ಕಟ್ಟುತ್ತೇನೆ. ಪಟ್ಟೆಯಿಂದ ಪಟ್ಟೆಗೆ ಆ ಪದರದ `Normal` ಅನ್ನು ನಾರಿನ ಉದ್ದಕ್ಕೆ ಸ್ವಲ್ಪ ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತೇನೆ. ಮೇಲಿನದು `Coat`, ನುಣುಪು, ಅದಕ್ಕೆ ನಾರಿನ ಉಬ್ಬುತಗ್ಗು ಕೊಡುವುದಿಲ್ಲ, ಏಕೆಂದರೆ ಪಾಲಿಶ್ ಆ ತಗ್ಗುಗಳನ್ನು ತುಂಬಿಬಿಟ್ಟಿರುತ್ತದೆ. ನಾರಿನ ಒಳಗೆ ಹೊಕ್ಕು ಬಣ್ಣ ಹತ್ತಿಸಿಕೊಂಡು ಬರುವ ಬೆಳಕು ಇದರಲ್ಲಿ ಪೂರ್ತಿ ಬರುವುದಿಲ್ಲ, ಅಂದಾಜಿಗೆ ಹತ್ತಿರ ಬರುತ್ತದೆ. ಸರಿಯಾಯಿತೇ ಎಂದು ನೋಡಲು ಒಂದು ಚಿತ್ರ ಸಾಲದು. ಕ್ಯಾಮೆರಾವನ್ನು ಎರಡಡಿ ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರ ತೆಗೆದು, ಬೆಳ್ಳನೆ ಪಟ್ಟೆ ಜಾಗ ಬದಲಿಸಿತೇ ಎಂದು ನೋಡಬೇಕು.

ಇನ್ನು ಕುರ್ಚಿ. ಬೆತ್ತ ಮರವಲ್ಲ, ಬಳ್ಳಿಯಂತೆ ಹಬ್ಬುವ ತಾಳೆಯ ಜಾತಿ. ನಮ್ಮ ಘಟ್ಟದ ಕಾಡಿನಲ್ಲೇ ಹಲವು ಬಗೆ ಇವೆ. ಅವುಗಳಲ್ಲಿ ನಾಗಬೆತ್ತದ ಕನ್ನಡ ಹೆಸರು ಅದರ ವೈಜ್ಞಾನಿಕ ಹೆಸರಿನಲ್ಲೇ ಸೇರಿಕೊಂಡಿದೆ. ತಾಳೆಯ ಜಾತಿಯಾದ್ದರಿಂದ ಇದರಲ್ಲಿ ವರ್ಷದ ಉಂಗುರವೇ ಇಲ್ಲ. ಅಡ್ಡ ಕೊಯ್ದರೆ ತುಂಬ ಚುಕ್ಕಿಗಳು, ಪ್ರತಿ ಚುಕ್ಕಿಯೂ ಉದ್ದಕ್ಕೆ ಹೋಗುವ ನಾಳದ ಕಟ್ಟು. ಬಿದಿರಿನಂತೆ ಟೊಳ್ಳಲ್ಲ, ಒಳಗೆ ತುಂಬಿದೆ. ಹೊರಗೆ ಗಟ್ಟಿ ಹೊಳಪಿನ ಸಿಪ್ಪೆ, ಅಲ್ಲಲ್ಲಿ ಎಲೆಯ ಬುಡ ಸುತ್ತಿಕೊಂಡಿದ್ದ ಗೆಣ್ಣು. ಕುರ್ಚಿಯ ಬಾಗಿದ ಕೈಗೆ ನಾನು ಬಾಗಿಲಿನ ಹಾಗೆಯೇ ಘನದ ಎಳೆ ಕೊಟ್ಟಾಗ, ಬಾಗಿದ ಕಡೆಯಲ್ಲೆಲ್ಲ ಎಳೆ ಅಡ್ಡ ಹಾಯ್ದು ಕೈ ಮುರಿಯುವಂತೆ ಕಂಡಿತು. ಬೆತ್ತವನ್ನು ಬಗ್ಗಿಸಿದಾಗ ನಾರೂ ಅದರ ಜೊತೆ ಬಾಗುತ್ತದೆ. ಆದ್ದರಿಂದ ಇಲ್ಲಿ ಅಳತೆ ಬಾಗಿದ ರೇಖೆಯುದ್ದಕ್ಕೂ ಓಡಬೇಕು, ಅಂದರೆ `UV` ಬೇಕು. ಗೆಣ್ಣಿನ ಅಂತರವನ್ನೂ ಅದೇ ರೇಖೆಯ ಮೇಲೆ ಅಳೆಯಬೇಕು. ಗೆಣ್ಣಿನಲ್ಲಿ ದಪ್ಪ ಒಂದಿಷ್ಟು ಏರುತ್ತದೆ, ಹೊಳಪು ಕಡಿಮೆಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ಈ ಮೂರೂ ಒಟ್ಟಿಗೇ ಆಗಬೇಕು.

ಕುರ್ಚಿಯ ನೇಯ್ಗೆಗೆ ಒಂದು ಮಧ್ಯಾಹ್ನ ಪೂರ್ತಿ ಕೊಟ್ಟೆ. ಸ್ಕೇಲ್ ಇಟ್ಟು ಅಳೆದೆ: ಚೌಕಟ್ಟಿನ ತೂತಿನಿಂದ ತೂತಿಗೆ 13 ಮಿಲಿಮೀಟರ್, ಬೆತ್ತದ ಸೀಳಿನ ಅಗಲ ಎರಡೂವರೆ, ದಪ್ಪ ಸುಮಾರು ಒಂದು. ಸೀಳಿನ ಮೇಲ್ಮುಖ ಸಿಪ್ಪೆ, ಸ್ವಲ್ಪ ಉಬ್ಬು, ಹೊಳಪು. ಕೆಳಮುಖ ಚಪ್ಪಟೆ, ನಾರುನಾರು, ಹೊಳಪಿಲ್ಲ. ಕೈಯಲ್ಲಿ ನೇಯುವಾಗ ಆರು ಸುತ್ತು. ಮೊದಲು ಉದ್ದದ ಸೀಳು, ಅದರ ಮೇಲೆ ಅಡ್ಡದ್ದು, ಅದರ ಮೇಲೆ ಎರಡನೆಯ ಉದ್ದದ್ದು. ನಾಲ್ಕನೆಯದಾಗಿ ಇನ್ನೊಂದು ಅಡ್ಡ ಸೀಳು, ಇದು ಒಂದು ಉದ್ದದ ಸೀಳಿನ ಮೇಲೂ ಇನ್ನೊಂದರ ಕೆಳಗೂ ಹಾಯ್ದು ಎಲ್ಲವನ್ನೂ ಬಿಗಿಯುತ್ತದೆ. ಕೊನೆಗೆ ಓರೆಯಾಗಿ ಎರಡು ಸುತ್ತು. ಒಂದು ಓರೆ ಸೀಳು ಉದ್ದದ ಜೋಡಿಯ ಮೇಲೆ ಹೋಗಿ ಅಡ್ಡದ ಜೋಡಿಯ ಕೆಳಗೆ ನುಗ್ಗುತ್ತದೆ, ಇನ್ನೊಂದು ಅದಕ್ಕೆ ತದ್ವಿರುದ್ಧ.

ಇಲ್ಲೇ ಬಹಳಷ್ಟು ರೆಂಡರ್‌ಗಳು ಎಡವುತ್ತವೆ. ಓರೆ ಸೀಳುಗಳನ್ನು ಜೋಡಿಗಳು ಕೂಡುವ ಬಿಂದುವಿನ ಮೇಲೆಯೇ ಎಳೆದರೆ, ಅವು ಪ್ರತಿ ಕಂಡಿಯ ನಟ್ಟನಡುವೆ ಒಂದನ್ನೊಂದು ದಾಟುತ್ತವೆ. ಚೌಕದ ಕಂಡಿ ನಾಲ್ಕು ತ್ರಿಕೋನವಾಗಿ ಒಡೆಯುತ್ತದೆ. ನಿಜವಾದ ನೇಯ್ಗೆಯಲ್ಲಿ ಓರೆ ಸೀಳು ಕೂಡುವ ಬಿಂದುವಿನಿಂದ ಪಕ್ಕಕ್ಕೆ ಸರಿದು ಮೂಲೆಯಲ್ಲಿ ಕೂರುತ್ತದೆ. ಲೆಕ್ಕಕ್ಕೆ ಅದನ್ನು ಅರ್ಧ ಅಂತರ, ಅಂದರೆ ಆರೂವರೆ ಮಿಲಿಮೀಟರ್ ಸರಿಸಿ. ಈಗ ಕಂಡಿಯ ನಡುವೆ ಜಾಗ ಖಾಲಿಯಾಗುತ್ತದೆ, ಮೂಲೆಗಳು ಮಾತ್ರ ಕತ್ತರಿಸಿಹೋಗಿ ಎಂಟು ಮೂಲೆಯ ಕಂಡಿ ಬರುತ್ತದೆ. ಜೋಡಿಯ ಅಗಲ 5 ಆದ್ದರಿಂದ ನೇರ ಬದಿಗಳ ನಡುವೆ 8 ಮಿಲಿಮೀಟರ್, ಓರೆ ಬದಿಗಳ ನಡುವೆ 6.7. ಹಳೆಯ ಕುರ್ಚಿಯ ಕಂಡಿ ಪೂರ್ತಿ ಸಮವಾದ ಅಷ್ಟಕೋನವಲ್ಲ ಎಂದು ನನ್ನ ಕಣ್ಣಿಗೆ ಕಂಡದ್ದಕ್ಕೆ ಕಾರಣ ಲೆಕ್ಕದಲ್ಲೇ ಸಿಕ್ಕಿತು. ಹೀಗೆ ಸರಿಸಿದಾಗ ಇನ್ನೊಂದು ಸಂಗತಿಯೂ ಕೂಡಿ ಬರುತ್ತದೆ: ಎರಡು ಓರೆ ಸೀಳುಗಳು ಒಂದನ್ನೊಂದು ದಾಟುವುದು ಯಾವುದಾದರೂ ಜೋಡಿಯ ಮೇಲೆಯೇ, ಒಂದು ಮೇಲಿಂದ, ಒಂದು ಕೆಳಗಿಂದ, ನಡುವೆ ಜೋಡಿ. ನೇಯುವವರು ಹೇಳುವ ಮೇಲೆ ಕೆಳಗೆ ಎಂಬ ನಿಯಮಕ್ಕೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸವಿಲ್ಲ. ಓರೆ ಸೀಳಿನ ಏರಿಳಿತ ಒಂದು ಪೂರ್ತಿ ಸುತ್ತಿಗೆ 18.4 ಮಿಲಿಮೀಟರ್. ಅದಕ್ಕೆ ಮೆತ್ತನೆಯ ಅಲೆಯ ಆಕಾರ ಕೊಟ್ಟರೆ ಸಾಕು.

ಇಷ್ಟೆಲ್ಲ ಮಾಡುವ ಬದಲು ಕಂಡಿಗಳ ಚಿತ್ರವನ್ನು ಒಂದು ಹಾಳೆಗೆ ಹಾಕಿ, ಕಂಡಿಯ ಜಾಗವನ್ನು ಪಾರದರ್ಶಕ ಮಾಡಬಾರದೇ? ಕುರ್ಚಿ ಕೋಣೆಯ ದೂರದ ಮೂಲೆಯಲ್ಲಿದ್ದರೆ ಮಾಡಬಹುದು. 1,920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ನಾಲ್ಕು ಮೀಟರ್ ಗೋಡೆ ಹಿಡಿಸಿದರೆ ಒಂದು ಪಿಕ್ಸೆಲ್ ಎರಡು ಮಿಲಿಮೀಟರಿಗಿಂತ ಹೆಚ್ಚು. ಎರಡೂವರೆ ಮಿಲಿಮೀಟರಿನ ಸೀಳು ಆಗ ಒಂದೇ ಪಿಕ್ಸೆಲ್, ಏರಿಳಿತವನ್ನು ಕಟ್ಟಿದರೂ ಕಾಣುವುದಿಲ್ಲ. ಅಲ್ಲಿನ ಅಪಾಯ ಬೇರೆ: ನೇಯ್ಗೆಯ ಅಂತರವೂ ಪಿಕ್ಸೆಲ್ಲಿನ ಅಂತರವೂ ಸರಿಹೊಂದದೆ, ಕುರ್ಚಿಯಲ್ಲಿ ಇಲ್ಲದ ದೊಡ್ಡ ದೊಡ್ಡ ಅಲೆಗಳು ಮೂಡುತ್ತವೆ. ಅಂಥ ಕಡೆ ಸ್ಯಾಂಪಲ್ ಹೆಚ್ಚಿಸಬೇಕು.

ಕುರ್ಚಿ ಹತ್ತಿರವಿದ್ದರೆ ಹಾಳೆ ಸಾಲದು. ಮೂರು ಪದರ ಸೀಳು ಸೇರಿ ನೇಯ್ಗೆಯ ದಪ್ಪ ಸುಮಾರು 3 ಮಿಲಿಮೀಟರ್. 45 ಡಿಗ್ರಿ ಓರೆಯಿಂದ ನೋಡಿದಾಗ 8 ಮಿಲಿಮೀಟರ್ ಕಂಡಿಯಲ್ಲಿ 3 ಮಿಲಿಮೀಟರಿನಷ್ಟು ಸೀಳಿನ ಗೋಡೆಯೇ ಮುಚ್ಚುತ್ತದೆ, ಆಚೆ ಕಾಣುವುದು 5ರಷ್ಟು ಮಾತ್ರ. ಇನ್ನೂ ಓರೆಯಾದರೆ ನೇಯ್ಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ದಪ್ಪವಿಲ್ಲದ ಹಾಳೆಯಲ್ಲಿ ಕಂಡಿ ಚಪ್ಪಟೆಯಾಗುತ್ತದೆಯೇ ಹೊರತು ಮುಚ್ಚುವುದಿಲ್ಲ. ಕುರ್ಚಿಯ ಬೆನ್ನು ಕಾಗದದಲ್ಲಿ ಕತ್ತರಿಸಿದಂತೆ ಕಾಣುವುದು ಇದರಿಂದ. ಆರಾಮ ಕುರ್ಚಿಯಲ್ಲಿ ಬೆನ್ನು ಮೊದಲೇ ಓರೆಯಾಗಿ ಒರಗಿರುವುದರಿಂದ ಈ ತಪ್ಪು ಎದ್ದು ಕಾಣುತ್ತದೆ.

ನೆರಳಿನ ಲೆಕ್ಕವನ್ನೂ ಮಾಡಿಕೊಂಡೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ನೆಲದಿಂದ 40 ಸೆಂಟಿಮೀಟರ್ ಎತ್ತರದ ಕೂರುವ ಜಾಗದಿಂದ ಬಿದ್ದ ನೆರಳಿನ ಅಂಚು ಸುಮಾರು 4 ಮಿಲಿಮೀಟರಿನಷ್ಟು ಮಸುಕಾಗುತ್ತದೆ. 8 ಮಿಲಿಮೀಟರ್ ಕಂಡಿಗೆ 4 ಮಿಲಿಮೀಟರ್ ಮಸುಕು ಎಂದರೆ, ಎಂಟು ಮೂಲೆ ಹೋಗಿ ನೆಲದ ಮೇಲೆ ದುಂಡನೆಯ ಬೆಳಕಿನ ಚುಕ್ಕಿಗಳು ಬೀಳುತ್ತವೆ. ಸೂರ್ಯನ ದೀಪಕ್ಕೆ `Angle` ಸೊನ್ನೆ ಇಟ್ಟರೆ ನೆರಳಿನಲ್ಲೂ ಎಂಟು ಮೂಲೆ ಎಣಿಸಬಹುದು, ಅದು ಸುಳ್ಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರನಾಡಿನಲ್ಲಿ ಮೋಡ ಕವಿದು ಆಕಾಶವೆಲ್ಲ ಒಂದೇ ದೀಪದಂತೆ ಇರುತ್ತದೆ. ಆಗ ನೆಲದ ಮೇಲೆ ಚುಕ್ಕಿಯೇ ಇರುವುದಿಲ್ಲ, ಕುರ್ಚಿಯ ಕೆಳಗೆ ಮೆತ್ತನೆಯ ಕತ್ತಲೆ ಮಾತ್ರ. ಮನೆಯವರಿಗೆ ಬೇಕಿದ್ದದ್ದು ಮಳೆಗಾಲದ ಚಿತ್ರ.

ಈ ದಾರಿಯಲ್ಲಿ ಬಗೆಹರಿಯದ್ದೂ ಇದೆ. ಮರದ ಗಂಟು ಅಂದರೆ ಕಾಂಡದೊಳಗೆ ಹೂತುಹೋದ ಕೊಂಬೆ, ಅದಕ್ಕೆ ಅದರದೇ ಉಂಗುರ, ಸುತ್ತಲಿನ ಎಳೆ ಅದನ್ನು ಬಳಸಿಕೊಂಡು ಹೋಗಬೇಕು. ಒಂದೆರಡು ಗಂಟಿಗೆ ಲೆಕ್ಕ ಕಟ್ಟಬಹುದು, ಗಂಟುಗಂಟಾದ ಹಲಸಿನ ಕಂಬಕ್ಕೆ ಸಾಧ್ಯವಾಗಲಿಲ್ಲ. ಆ ಮನೆಯ ಜಗಲಿಯ ಕಂಬವನ್ನು ಸುತ್ತ ಫೋಟೊ ತೆಗೆದೇ ಕಟ್ಟಿದೆ. ಹೊಳಪು ಬಣ್ಣದ ಜೊತೆ ಸೇರಿಕೊಳ್ಳದಿರಲೆಂದು ದೀಪಕ್ಕೂ ಲೆನ್ಸಿಗೂ ಒಂದಕ್ಕೊಂದು ಅಡ್ಡ ತಿರುಗಿಸಿದ ಪೋಲರೈಸರ್ ಹಾಕಿದ್ದೆ. ಆ ಫೋಟೊಗಳಿಂದ ಹುಟ್ಟಿದ ಒರಟುತನದ ನಕ್ಷೆಯನ್ನು `Non-Color` ಎಂದು ಗುರುತು ಮಾಡದೆ ಹಾಕಿ, ಕಂಬ ಎಣ್ಣೆ ಹಚ್ಚಿದಂತೆ ಮಿಂಚಿದ್ದು ಯಾಕೆಂದು ಹುಡುಕುತ್ತಾ ಅರ್ಧ ದಿನ ಕಳೆದೆ. ಬಣ್ಣವೆಂದು ತಿಳಿದು ಓದಿದಾಗ ನಡುವಿನ ಬೆಲೆಗಳೆಲ್ಲ ಕೆಳಗಿಳಿದು, ಒರಟಾಗಬೇಕಾದದ್ದು ನುಣುಪಾಗುತ್ತದೆ.

ಎರಡನೆಯ ಚಿತ್ರವನ್ನು ಪ್ರಿಂಟ್ ಮಾಡಿ ತೆಗೆದುಕೊಂಡು ಹೋದೆ. ಆಚಾರ್ರು ಬಾಗಿಲಿನ ತಲೆಯನ್ನು ಬೆರಳಿನಿಂದ ಹಿಂಬಾಲಿಸಿ ಮುಖಕ್ಕೆ ಬಂದರು. ಆಮೇಲೆ ಎರಡನೆಯ ಹಲಗೆಯನ್ನು ತೋರಿಸಿ, “ಇದನ್ನ ತಿರುಳಿಗೆ ಸ್ವಲ್ಪ ಹತ್ರ ಕೊಯ್ದಿದ್ದೀರಿ. ಒಣಗಿದಾಗ ಇದು ಬಗ್ಗುತ್ತೆ, ಇದನ್ನ ಬಾಗಿಲಿಗೆ ಹಾಕೋದು ಬೇಡ” ಎಂದರು. ನಾನು ಆ ಹಲಗೆಯ 0.06 ಅನ್ನು 0.11 ಮಾಡಿದೆ.